ಬ್ಯಾಳಿ ಹುಡುಕಿದರೆ ಬಾಳೆ ಚಿಪ್ಸ್

“ತಮ್ಮಾ, ಅಂಗಡ್ಯಾಗ ಮಾಲು ಐತಿ. ಗಿರಾಕಿ ಕೇಳಾಕತ್ತಾರ. ನಿನ್ನ ಆ್ಯಪ್ ಮಾತ್ರ ಇಲ್ಲ ಅಂತೈತಿ. ನಿನ್ನೆ ಒಬ್ಬಾಕಿ ಬ್ಯಾಳಿ ಅಂತ ಹುಡುಕಿದರ ಬಾಳೆ ಚಿಪ್ಸ್ ತೋರಿಸ್ತಂತ. ಆಕಿ ಫೋನ್ ಮಾಡಿ ನಕ್ಕಳು. ನನಗ ನಗು ಬರಲಿಲ್ಲ.”

ಬೆಂಗಳೂರಿನ ವಿಜಯನಗರದ ಕಡೆ ಉತ್ತರ ಕರ್ನಾಟಕದ ತಿನಿಸು, ದಿನಸಿ ಮಾರುವ ಪುಟ್ಟ ಅಂಗಡಿಯೊಂದರ ಒಡತಿ ತನ್ನ ಆ್ಯಪ್ ಮಾಡಿಕೊಟ್ಟ ಹುಡುಗನಿಗೆ ಬರೆದ ಪತ್ರ ಶುರುವಾಗುವುದು ಹೀಗೆ. ಗೆರೆ ಹಾಕಿದ ನೋಟ್‌ಬುಕ್ಕಿನ ಹಾಳೆಗಳಲ್ಲಿ ಬರೆದು, ಫೋಟೊ ತೆಗೆದು, ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಪತ್ರವದು. ಒಡತಿ ಬಾಗಲಕೋಟೆ ಕಡೆಯವರು, ಹುಡುಗ ಮೈಸೂರು ಕಡೆಯವನು. ಅಂಗಡಿಯಲ್ಲಿ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಪುಡಿ, ಕೆಂಪು ಖಾರ, ಕಲಬುರಗಿಯ ತೊಗರಿ ಬೇಳೆ, ಅಮೀನಗಡದ ಕರದಂಟು, ಎಲ್ಲ ಸೇರಿ ನಾಲ್ಕೈದು ನೂರು ಬಗೆ. ಗಿರಾಕಿಗಳಲ್ಲಿ ಊರು ಬಿಟ್ಟು ಬಂದ ಧಾರವಾಡ, ವಿಜಯಪುರದವರು ಅರ್ಧ. ಮಿಕ್ಕವರಲ್ಲಿ ಮಂಡ್ಯದವರು, ಮಂಗಳೂರಿನವರು, ಬೆಂಗಳೂರಿನವರೇ ಆದವರು ಎಲ್ಲರೂ ಇದ್ದಾರೆ.

ಕೌಂಟರಿನಲ್ಲಿ ಇವರ ನಡುವೆ ಯಾವ ತೊಡಕೂ ಇರಲಿಲ್ಲ. ಒಬ್ಬರು ಅರಿಶಿನ ಅನ್ನುತ್ತಾರೆ, ಇನ್ನೊಬ್ಬರು ಅರಸಿನ, ಮತ್ತೊಬ್ಬರು ಅರಿಶಿಣ. ಒಡತಿಯ ಕೈ ಹೋಗುವುದು ಅದೇ ಹಳದಿ ಪೊಟ್ಟಣಕ್ಕೆ. ಆ್ಯಪ್ ಬಂದ ಮೇಲೆ ಮಾತ್ರ “ನಿಮ್ಮಲ್ಲಿ ಅರಸಿನ ಇಲ್ವಾ?” ಎನ್ನುವ ಫೋನುಗಳು ಶುರುವಾದವು. ಫೋನ್ ಮಾಡಿದವರಾದರೂ ಮಾತಾಡಿ ಕೊಂಡರು, ಮಾಡದವರು ಬೇರೆ ಕಡೆ ಹೋದರು. ಹೋದವರ ಲೆಕ್ಕ ಯಾರ ಬಳಿಯೂ ಇರುವುದಿಲ್ಲ. ಆ್ಯಪ್‌ನ ದಾಖಲೆಯಲ್ಲಿ ಕಾಣುವುದು ಬಂದ ಆರ್ಡರ್ ಮಾತ್ರ.

ಮೊದಲ ಸಲ ದೂರಿದಾಗ ಹುಡುಗ ಹೇಳಿದ್ದು: “ಅಕ್ಕಾ, ಕಸ್ಟಮರ್‌ಗೆ ಸ್ಪೆಲಿಂಗ್ ಸರಿಯಾಗಿ ಹಾಕೋಕೆ ಹೇಳಿ.” ಪತ್ರದಲ್ಲಿ ಅದಕ್ಕೆ ಉತ್ತರವಿದೆ. “ಅವ್ರ ತಪ್ಪು ಬರದಿಲ್ಲ ತಮ್ಮಾ. ಮನ್ಯಾಗ ಹೆಂಗ ಅಂತಾರ ಹಂಗ ಬರದಾರ. ನಿನ್ನ ಪಟ್ಟ್ಯಾಗ ನಾ ಹೆಂಗ ಬರಸೀನಿ ಅನ್ನೂದು ಅವ್ರಿಗೆ ಹೆಂಗ ಗೊತ್ತಾಗಬೇಕು?”

ಮಾತು ಸರಿಯಾಗಿದೆ. ಸಣ್ಣ ಆ್ಯಪ್‌ಗಳ ಹುಡುಕಾಟದಲ್ಲಿ ಬಹುಪಾಲು ನಡೆಯುವುದು ಅಕ್ಷರಕ್ಕೆ ಅಕ್ಷರ ತಾಳೆ ನೋಡುವ ಕೆಲಸ. ಗಿರಾಕಿ ಒತ್ತಿದ ಅಕ್ಷರಗಳು ಸರಕಿನ ಹೆಸರಿನೊಳಗೆ ಅದೇ ಕ್ರಮದಲ್ಲಿ ಇವೆಯೇ ಎಂದು ಯಂತ್ರ ನೋಡುತ್ತದೆ. ಇದ್ದರೆ ತೋರಿಸುತ್ತದೆ, ಇಲ್ಲದಿದ್ದರೆ ‘ಏನೂ ಸಿಗಲಿಲ್ಲ’ ಎನ್ನುತ್ತದೆ. ಅರಿಶಿನಕ್ಕೂ ಅರಸಿನಕ್ಕೂ ನಂಟಿದೆ ಎಂಬುದು ಅದಕ್ಕೆ ತಾನಾಗಿ ಹೊಳೆಯುವುದಿಲ್ಲ.

ಹುಡುಗ ಸುಮ್ಮನೆ ಕೂತಿರಲಿಲ್ಲ. ತಂತ್ರಾಂಶದವರ ಬಳಿ ಇಂಥ ತೊಂದರೆಗೆ ಸಿದ್ಧ ಔಷಧವೊಂದಿದೆ. ಅದರ ಮೂಲ 1965ರಲ್ಲಿ ರಷ್ಯಾದ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಸ್ಟೈನ್ ಹೇಳಿದ ಅಳತೆ. ಒಂದು ಪದವನ್ನು ಇನ್ನೊಂದಾಗಿ ಮಾರ್ಪಡಿಸಲು ಎಷ್ಟು ಅಕ್ಷರ ಸೇರಿಸಬೇಕು, ಎಷ್ಟು ತೆಗೆಯಬೇಕು, ಎಷ್ಟು ಬದಲಿಸಬೇಕು ಎಂದು ಎಣಿಸಿದರೆ ಬರುವ ಸಂಖ್ಯೆಯೇ ಆ ಎರಡು ಪದಗಳ ದೂರ. ದೂರ ಕಡಿಮೆಯಿದ್ದರೆ ಗಿರಾಕಿ ಕೇಳಿದ್ದು ಇದೇ ಇರಬಹುದು ಎಂದು ಊಹಿಸುವುದು. ಹುಡುಗ ಎರಡು ದೂರದವರೆಗೆ ಒಪ್ಪಿಕೊಳ್ಳುವಂತೆ ಮಾಡಿದ. ಅರಸಿನ ಕೇಳಿದವರಿಗೆ ಅರಿಶಿನ ಸಿಕ್ಕಿತು. ಅರಿಶಿನದ ಒಂದು ಗುಣಿಸು ಬಿಟ್ಟು, ಶ ಬದಲು ಸ ಹಾಕಿದರೆ ಅರಸಿನವಾಗುತ್ತದೆ, ದೂರ ಎರಡೇ.

ಬ್ಯಾಳಿ ಮಾತ್ರ ಆಗಲೂ ಸಿಗಲಿಲ್ಲ. ದೂರವನ್ನು ಮೂರಕ್ಕೆ ಏರಿಸಿದ. ಆಗ ಬಂದದ್ದೇ ಬಾಳೆ ಚಿಪ್ಸ್.

ಇದು ಏಕೆ ಹೀಗಾಯಿತು ಎಂದು ಕೈಯಲ್ಲೇ ಎಣಿಸಿ ನೋಡಬಹುದು. ಕಂಪ್ಯೂಟರು ಕನ್ನಡದ ಅಕ್ಷರವನ್ನು ನಾವು ಬರೆಯುವಂತೆ ಒಂದೇ ಗುಂಪಾಗಿ ಇಟ್ಟುಕೊಳ್ಳುವುದಿಲ್ಲ. ವ್ಯಂಜನ ಬೇರೆ, ಅದಕ್ಕೆ ಹತ್ತುವ ಸ್ವರದ ಗುರುತು ಬೇರೆ, ಒತ್ತಕ್ಷರ ಬರಬೇಕಾದರೆ ನಡುವೆ ಒಂದು ವಿರಾಮದ ಗುರುತು ಬೇರೆ. ಹೀಗಾಗಿ ‘ಬೇಳೆ’ ಎಂಬುದು ಅದಕ್ಕೆ ನಾಲ್ಕು ಚಿಹ್ನೆ: ಬ, ಏತ್ವ, ಳ, ಎತ್ವ. ‘ಬಾಳೆ’ಯೂ ನಾಲ್ಕೇ, ಏತ್ವದ ಜಾಗದಲ್ಲಿ ದೀರ್ಘ ಇದೆ ಅಷ್ಟೆ. ‘ಬ್ಯಾಳಿ’ಗೆ ಬಂದರೆ ಬ, ವಿರಾಮ, ಯ, ದೀರ್ಘ, ಳ, ಗುಣಿಸು ಎಂದು ಆರು. ಬ್ಯಾಳಿಯಿಂದ ಬೇಳೆಗೆ ಹೋಗಲು ವಿರಾಮ, ಯ ಎರಡನ್ನೂ ತೆಗೆದು, ದೀರ್ಘವನ್ನು ಏತ್ವಕ್ಕೆ ಬದಲಿಸಿ, ಕೊನೆಯ ಗುಣಿಸನ್ನು ಎತ್ವವಾಗಿಸಬೇಕು. ಒಟ್ಟು ನಾಲ್ಕು. ಬಾಳೆಗೆ ಹೋಗಲು ವಿರಾಮ, ಯ ತೆಗೆದು ಕೊನೆಯದನ್ನು ಬದಲಿಸಿದರೆ ಸಾಕು, ಮೂರೇ. ಯಂತ್ರದ ಲೆಕ್ಕದಲ್ಲಿ ಬ್ಯಾಳಿಗೆ ಬೇಳೆಗಿಂತ ಬಾಳೆಯೇ ಹತ್ತಿರ!

ಇನ್ನೂ ಒಂದು ಎಡವಟ್ಟಾಗಿತ್ತು. ಮೊದಲು ಬೇಳೆ ಎಂದು ಸರಿಯಾಗಿಯೇ ಒತ್ತುತ್ತಿದ್ದವರಿಗೆ ಬೇಳೆ ಮಾತ್ರ ಬರುತ್ತಿತ್ತು. ಈಗ ಒಂದೇ ಹೆಜ್ಜೆ ದೂರದ ಬಾಳೆಯೂ ಜೊತೆಗೆ ಬಂತು. ಸಜ್ಜಿ ಹಿಟ್ಟು ಕೇಳಿದವರಿಗೆ ಸಜ್ಜೆ ಹಿಟ್ಟು, ಬಜ್ಜಿ ಹಿಟ್ಟು ಎರಡೂ ಒಂದೇ ದೂರದಲ್ಲಿ ಕಂಡವು. ನಮ್ಮ ದಿನಸಿ ಹೆಸರುಗಳು ಚಿಕ್ಕವು. ನಾಲ್ಕೈದು ಚಿಹ್ನೆಯ ಪದದಲ್ಲಿ ಮೂರನ್ನು ಬದಲಿಸಬಹುದು ಎಂದರೆ ಅದು ಯಾವ ಪದ ಬೇಕಾದರೂ ಆದೀತು. ಬೆರಳು ಜಾರಿ ಆಗುವ ತಪ್ಪಿಗೆ ಈ ಅಳತೆ ಹೇಳಿ ಮಾಡಿಸಿದಂತಿದೆ. ಬೆರಳಿನ ಜಾರಾಟಕ್ಕೆ ನಿಯಮವಿಲ್ಲ, ಯಾವ ಅಕ್ಷರ ಎಲ್ಲಿಗೆ ಬೇಕಾದರೂ ಹೋಗಬಹುದು. ಬ್ಯಾಳಿ ಎಂದು ಬರೆದವರ ಬೆರಳು ಜಾರಿಲ್ಲ. ಬೇಳೆ ಬ್ಯಾಳಿ ಆಗುವ ಹಾದಿಯಲ್ಲೇ ಮೇಲೆ ಮ್ಯಾಲೆ ಆಗಿದೆ, ಬೇಸಿಗೆ ಬ್ಯಾಸಗಿ ಆಗಿದೆ.

ಪತ್ರದ ಹೆಚ್ಚಿನ ಭಾಗ ಇರುವುದು ಈ ಹಾದಿಗಳ ಬಗ್ಗೆ. ಒಡತಿಗೆ ಭಾಷಾಶಾಸ್ತ್ರ ಗೊತ್ತಿಲ್ಲ, ಕಿವಿ ಗೊತ್ತಿದೆ. ‘ಏನೂ ಸಿಗಲಿಲ್ಲ’ ಎಂದು ಬಂದ ಹುಡುಕಾಟಗಳನ್ನೆಲ್ಲ ಹುಡುಗ ಒಂದು ಹಾಳೆಯಲ್ಲಿ ತೆಗೆದುಕೊಟ್ಟಿದ್ದ. ಆಕೆ ಒಂದೊಂದು ಪದದ ಮುಂದೆಯೂ ಆ ಗಿರಾಕಿಗೆ ಬೇಕಾಗಿದ್ದ ಸರಕು ಯಾವುದು, ಹೀಗೆ ಅನ್ನುವವರು ಯಾವ ಕಡೆಯವರು ಎಂದು ಬರೆದುಕೊಟ್ಟರು. “ಎಲ್ಲಾ ಒಂದ ಥರ ಅಲ್ಲ ತಮ್ಮಾ, ಬ್ಯಾರೆ ಬ್ಯಾರೆ ಮಾಡಿ ಬರದೀನಿ” ಎಂಬ ಸಾಲು ಇಡೀ ಪತ್ರದಲ್ಲಿ ಹುಡುಗನಿಗೆ ಹೆಚ್ಚು ಉಪಯೋಗಕ್ಕೆ ಬಂದದ್ದು.

ಒಂದು ರಾಶಿಯಲ್ಲಿ ಇದ್ದವು ಒಂದೇ ಪದದ ಬೇರೆ ಬೇರೆ ರೂಪಗಳು. ಗೋಧಿ, ಗೋದಿ. ಶುಂಠಿ, ಸುಂಟಿ. ಖಾರ, ಕಾರ. ಚಟ್ನಿ, ಚಟ್ಣಿ. ಜೋಳ, ಜ್ವಾಳ. ಹೋಳಿಗೆ, ಹೋಳಗಿ. ಇವುಗಳಲ್ಲಿ ಮಹಾಪ್ರಾಣ ಅಲ್ಪಪ್ರಾಣವಾಗುತ್ತದೆ, ಶ ಷ ಎರಡೂ ಸ ಆಗುತ್ತವೆ, ಣ ನ ಆಗುತ್ತದೆ. ಧಾರವಾಡದ ಕಡೆ ಏಕಾರ ‘ಯಾ’ ಆಗಿ, ಓಕಾರ ‘ವಾ’ ಆಗಿ, ಕೊನೆಯ ಎಕಾರ ಇಕಾರವಾಗುತ್ತದೆ. ಪದದ ನಡುವಿನ ಇ, ಉ ತೆಳುವಾಗಿ ಅಕಾರಕ್ಕೆ ಇಳಿಯುತ್ತವೆ. ಒಂದು ಮುಷ್ಟಿಯಷ್ಟು ನಿಯಮಗಳಲ್ಲಿ ಹಾಳೆಯ ದೊಡ್ಡ ಪಾಲು ಮುಗಿದುಹೋಯಿತು.

ನಿಯಮ ಗೊತ್ತಾದರೆ ದೂರ ಎಣಿಸುವ ಅಗತ್ಯವಿಲ್ಲ. ಪ್ರತಿ ಸರಕಿನ ಹೆಸರಿಗೂ ಒಂದು ಗುಪ್ತ ಕೀಲಿ ಮಾಡಿಟ್ಟುಕೊಂಡು, ಗಿರಾಕಿ ಒತ್ತಿದ ಪದಕ್ಕೂ ಅದೇ ನಿಯಮಗಳಿಂದ ಕೀಲಿ ಮಾಡಿ, ಎರಡನ್ನೂ ತಾಳೆ ನೋಡುವುದು. ಗಿರಾಕಿ ‘ಬ್ಯಾಳಿ’ ಒತ್ತಿದರೆ ‘ಯಾ’ ಏಕಾರವಾಗುತ್ತದೆ, ಕೊನೆಯ ಇ ಎಕಾರವಾಗುತ್ತದೆ, ಕೀಲಿ ‘ಬೇಳೆ’. ಸರಕಿನ ಪಟ್ಟಿಯ ‘ಬೇಳೆ’ಯ ಕೀಲಿಯೂ ‘ಬೇಳೆ’. ತಾಳೆಯಾಯಿತು. ‘ಬಾಳೆ’ ಈ ಯಾವ ನಿಯಮಕ್ಕೂ ಸಿಗದೆ ಬಾಳೆಯಾಗಿಯೇ ಉಳಿಯುತ್ತದೆ. ಗೋಧಿ, ಗೋದಿ ಎರಡರ ಕೀಲಿಯೂ ‘ಗೋದೆ’ ಆಗುತ್ತದೆ. ಗೋದೆ ಎಂಬ ಪದ ಕನ್ನಡದಲ್ಲಿ ಇಲ್ಲವಲ್ಲ ಎಂದರೆ, ಇರಬೇಕಾಗಿಯೂ ಇಲ್ಲ. ಕೀಲಿಯನ್ನು ಯಾರೂ ಓದುವುದಿಲ್ಲ. ಪರದೆಯ ಮೇಲೆ ಬರುವುದು ಒಡತಿ ಬರೆಸಿದ ಹೆಸರೇ. ಎರಡೂ ಕಡೆ ಒಂದೇ ರೀತಿ ಕೆಟ್ಟರೆ ಸಾಕು, ತಾಳೆಗೆ ತೊಂದರೆಯಿಲ್ಲ.

ಧ್ವನಿಯ ಕೀಲಿ ಹೊಸ ವಿಚಾರವಲ್ಲ. ಅಮೆರಿಕದ ರಾಬರ್ಟ್ ರಸೆಲ್ ಎಂಬಾತ 1918ರಲ್ಲೇ ಇಂಥದ್ದಕ್ಕೆ ಪೇಟೆಂಟ್ ಪಡೆದಿದ್ದ. ಸೌಂಡೆಕ್ಸ್ ಎಂಬ ಆ ಪದ್ಧತಿ ಅಲ್ಲಿನ ಜನಗಣತಿಯ ದಾಖಲೆಗಳಲ್ಲಿ ಒಂದೇ ಮನೆತನದ ಹೆಸರನ್ನು ಬೇರೆ ಬೇರೆ ಕಾಗುಣಿತದಲ್ಲಿ ಬರೆದಿದ್ದರೂ ಹುಡುಕಿ ತೆಗೆಯಲು ಬಳಕೆಗೆ ಬಂತು. ಅದು ಮೊದಲ ಅಕ್ಷರವನ್ನು ಹಾಗೇ ಉಳಿಸಿಕೊಂಡು ಮಿಕ್ಕ ಸ್ವರಗಳನ್ನು ಕಳಚುತ್ತದೆ. ಕನ್ನಡಕ್ಕೆ ಇವೆರಡೂ ಒಗ್ಗುವುದಿಲ್ಲ. ನಮ್ಮಲ್ಲಿ ಶೇಂಗಾ ಸೇಂಗಾ ಆಗುವಾಗ, ಹುಚ್ಚೆಳ್ಳು ಉಚ್ಚೆಳ್ಳು ಆಗುವಾಗ ಮೊದಲ ಅಕ್ಷರವೇ ಬದಲಾಗುತ್ತದೆ. ಸ್ವರ ಕಳಚಿದರೆ ಬೇಳೆ, ಬಾಳೆ, ಬೆಳೆ, ಬಳೆ ನಾಲ್ಕೂ ಒಂದೇ. ಕನ್ನಡಕ್ಕೆಂದೇ ಕೈಲಾಶ್ ನಾಧ್ ಅವರು ರೂಪಿಸಿ ಮುಕ್ತವಾಗಿ ಬಿಟ್ಟಿರುವ KNphone ಎಂಬುದಿದೆ. ವಿ. ಕೃಷ್ಣ ಅವರ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟಿನ ಹುಡುಕಾಟದ ಹಿಂದೆ ಇರುವುದು ಅದೇ. ಅದು ಒಂದು ಪದಕ್ಕೆ ಸಡಿಲ, ನಡುವಣ, ಬಿಗಿ ಎಂದು ಮೂರು ಕೀಲಿ ಕೊಡುತ್ತದೆ. ನಿಘಂಟಿಗೆ ಅದು ಚೆನ್ನಾಗಿ ಹೊಂದುತ್ತದೆ. ಬ್ಯಾಳಿ, ಹೋಳಗಿಗಳಂಥ ಆಡುರೂಪಕ್ಕೆ ಮಾತ್ರ ಅಂಗಡಿಯವರೇ ನಿಯಮ ಸೇರಿಸಿಕೊಳ್ಳಬೇಕು.

ನಿಯಮ ಸೇರಿಸುತ್ತ ಹೋಗುವುದರಲ್ಲಿ ಒಂದು ಅಮಲಿದೆ. ಹುಡುಗನಿಗೂ ಅದು ಏರಿತು. ಹಳೇ ಮೈಸೂರಿನ ಕಡೆ ಹಕಾರ ಬಿಡುತ್ತಾರಲ್ಲ, ಅದನ್ನೂ ಸೇರಿಸಿದ. ಉಣಸೆಹಣ್ಣು ಕೇಳಿದವರಿಗೆ ಹುಣಸೆಹಣ್ಣು ಸಿಕ್ಕಿತು. ಹಿಂಡಿ ಕೇಳಿದವರಿಗೆ ಇಂಡಿ ಲಿಂಬೆಯ ಉಪ್ಪಿನಕಾಯಿಯೂ ಬಂತು. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕು ಲಿಂಬೆಗೆ ಹೆಸರಾದದ್ದು, ಅಂಗಡಿಯಲ್ಲಿ ಅದರ ಉಪ್ಪಿನಕಾಯಿ ಜೋರಾಗಿ ಹೋಗುತ್ತದೆ. (ಮೈಸೂರಿನ ಹುಡುಗನಿಗೆ ಹಿಂಡಿ ಎಂದರೆ ಹಸುವಿಗೆ ಹಾಕುವುದು ಎಂದೇ ಗೊತ್ತಿದ್ದದ್ದು. ಶೇಂಗಾ ಹಿಂಡಿಯನ್ನು ಮೊದಲು ಅವನು ಯಾವ ವಿಭಾಗದಲ್ಲಿ ಇಟ್ಟಿದ್ದ ಎಂಬುದು ಅಂಗಡಿಯಲ್ಲಿ ಇಂದಿಗೂ ನಗೆಯ ಮಾತು.) ಇಂಗ್ಲಿಷ್ ಅಕ್ಷರದಲ್ಲಿ ಒತ್ತುವವರು ಳ ಮತ್ತು ಲ ಬೇರೆ ಮಾಡುವುದಿಲ್ಲ ಎಂದು ಎಲ್ಲಾ ಳಕಾರವನ್ನೂ ಲಕಾರ ಮಾಡಿದ. ಆಗ ‘ಕಾಳು’ ಎಂದು ಹುಡುಕಿದರೆ ‘ಕಾಲು ಕೆಜಿ’ ಎಂದು ಬರೆದಿದ್ದ ಪೊಟ್ಟಣಗಳೆಲ್ಲ ಸಾಲಾಗಿ ನಿಂತವು. ಅವಲಕ್ಕಿ ಕಾಲು ಕೆಜಿ, ಬೆಲ್ಲ ಕಾಲು ಕೆಜಿ, ಶೇಂಗಾ ಚಿಕ್ಕಿ ಕಾಲು ಕೆಜಿ. ಆ ನಿಯಮ ತೆಗೆದುಹಾಕಬೇಕಾಯಿತು.

ಶಾವಿಗೆಯದು ಇನ್ನೂ ಸೂಕ್ಷ್ಮ. ಶ್ಯಾವಿಗೆ, ಸ್ಯಾವಿಗಿ, ಸೇವಿಗೆ ಮೂರೂ ಮೇಲಿನ ನಿಯಮಗಳಿಂದ ಒಂದೇ ಕೀಲಿಗೆ ಬರುತ್ತವೆ. ‘ಶಾವಿಗೆ’ ಮಾತ್ರ ಹೊರಗೆ ಉಳಿಯುತ್ತದೆ, ಅದರಲ್ಲಿ ಏಕಾರವಾಗಬಲ್ಲ ‘ಯಾ’ ಇಲ್ಲ. ‘ಯಾ’ವನ್ನು ಏಕಾರ ಮಾಡುವ ಬದಲು ಬರಿಯ ದೀರ್ಘ ಮಾಡಿದರೆ ಶ್ಯಾವಿಗೆ ಶಾವಿಗೆಯೊಂದಿಗೆ ಸೇರುತ್ತದೆ ನಿಜ. ಆದರೆ ಆಗ ಬ್ಯಾಳಿ ಹೋಗಿ ಮತ್ತೆ ಬಾಳೆಯ ಜೊತೆ ಕೂರುತ್ತದೆ. ಒಂದು ಪದಕ್ಕಾಗಿ ನಿಯಮ ತಿರುಚುವುದಕ್ಕಿಂತ ಆ ಒಂದು ಪದವನ್ನು ಕೈಯಿಂದ ಬರೆದಿಡುವುದೇ ಲೇಸು. ಹುಡುಗ ಹಾಗೇ ಮಾಡಿದ.

ಇಂಥ ಡಿಕ್ಕಿಗಳನ್ನು ಗಿರಾಕಿ ಫೋನ್ ಮಾಡುವ ಮೊದಲೇ ಹಿಡಿಯುವ ದಾರಿ ಸುಲಭವಿದೆ. ಅಂಗಡಿಯ ಅಷ್ಟೂ ಹೆಸರುಗಳ ಒಂದೊಂದು ಪದಕ್ಕೂ ಕೀಲಿ ಮಾಡಿ, ಒಂದೇ ಕೀಲಿಗೆ ಬಂದ ಬೇರೆ ಬೇರೆ ಪದಗಳನ್ನು ಪಟ್ಟಿ ಮಾಡಿದರೆ ಮುಗಿಯಿತು. ಹಿಂಡಿ–ಇಂಡಿ, ಕಾಳು–ಕಾಲು ಅಲ್ಲೇ ಕಣ್ಣಿಗೆ ಬೀಳುತ್ತವೆ. ಇಲ್ಲಿ ಸಣ್ಣ ಅಂಗಡಿಗೆ ದೊಡ್ಡವರಿಗಿಲ್ಲದ ಅನುಕೂಲವೊಂದಿದೆ. ಖಾರವನ್ನು ಕಾರ ಮಾಡಿದರೆ ಎಲ್ಲವನ್ನೂ ಮಾರುವ ಮಳಿಗೆಯಲ್ಲಿ ಮಕ್ಕಳ ಆಟದ ಕಾರು ಬಂದು ನಿಲ್ಲಬಹುದು. ಆಲೂ ಮತ್ತು ಹಾಲು ಎರಡನ್ನೂ ಮಾರುವವರು ಹಕಾರ ಬಿಟ್ಟು, ಹ್ರಸ್ವ ದೀರ್ಘ ಒಂದು ಮಾಡಿದರೆ ಆಲೂಗಡ್ಡೆ ಕೇಳಿದವರಿಗೆ ಹಾಲಿನ ಪೊಟ್ಟಣ ತೋರಿಸಬೇಕಾದೀತು. ರೊಟ್ಟಿ ಅಂಗಡಿಯಲ್ಲಿ ಕಾರೂ ಇಲ್ಲ, ಹಾಲೂ ಇಲ್ಲ. ಅಲ್ಲಿರುವ ನಾನೂರು ಐನೂರು ಹೆಸರುಗಳೊಳಗೆ ಡಿಕ್ಕಿಯಾಗದಿದ್ದರೆ ನಿಯಮ ಎಷ್ಟು ಒರಟಾದರೂ ನಡೆಯುತ್ತದೆ. ಹಕಾರದ ನಿಯಮವನ್ನೂ ಹುಡುಗ ಪೂರ್ತಿ ಬಿಡಲಿಲ್ಲ. ಮೊದಲ ಕೀಲಿಗೆ ಏನೂ ಸಿಗದಿದ್ದಾಗ ಮಾತ್ರ ಅದನ್ನು ಹಚ್ಚುವಂತೆ ಹಿಂದಕ್ಕೆ ಸರಿಸಿದ. ಹಿಂಡಿ ಕೇಳಿದರೆ ಹಿಂಡಿ ಮೊದಲೇ ಸಿಗುತ್ತದೆ, ಇಂಡಿಯವರೆಗೆ ಹೋಗುವ ಪ್ರಮೇಯ ಬರುವುದಿಲ್ಲ.

ಪತ್ರದ ಇನ್ನೊಂದು ರಾಶಿಗೆ ಯಾವ ನಿಯಮವೂ ತಾಗುವುದಿಲ್ಲ. “ಶೇಂಗಾಕ್ಕ ನಿಮ್ಮ ಕಡೆ ಕಡ್ಲೆಕಾಯಿ ಅಂತೀರಿ, ಮಂಗಳೂರಾಗ ನೆಲಗಡಲೆ ಅಂತಾರ. ಇದು ಕಿವಿಗೆ ಸಿಗೂದಲ್ಲ, ಬಾಯಿಪಾಠ ಮಾಡಬೇಕು.” ಗುರೆಳ್ಳು ಎಂದರೆ ಮೈಸೂರಿನ ಹುಚ್ಚೆಳ್ಳು. ಪುಟಾಣಿ ಎಂದರೆ ಹುರಿಗಡಲೆ. ಹುಬ್ಬಳ್ಳಿಯ ಚುರುಮುರಿ ದಾವಣಗೆರೆಯಲ್ಲಿ ಮಂಡಕ್ಕಿ, ಬೆಂಗಳೂರಿನಲ್ಲಿ ಪುರಿ. ಕರಾವಳಿಯವರು ಪುಡಿಯನ್ನು ಹುಡಿ ಎಂದು ಬರೆಯುತ್ತಾರೆ. ಹಕಾರ ಬಿಡುವ ನಿಯಮ ಇಲ್ಲಿ ಹಚ್ಚಿದರೆ ಹುಡಿ ಉಡಿಯಾಗುತ್ತದೆಯೇ ಹೊರತು ಪುಡಿಯಾಗುವುದಿಲ್ಲ. ಇವಕ್ಕೆಲ್ಲ ಸರಕಿನ ಹೆಸರಿನ ಹಿಂದೆ ಉಳಿದ ಹೆಸರುಗಳನ್ನು ಬರೆದಿಡುವ ಒಂದು ಖಾನೆ ಬೇಕು. ಆ್ಯಪ್‌ನಲ್ಲಿ ಅಂಥ ಖಾನೆಯೇ ಇರಲಿಲ್ಲ. ಹೆಸರು, ತೂಕ, ಬೆಲೆ, ಚಿತ್ರ, ಅಷ್ಟೇ. ಹುಡುಗ ‘ಬೇರೆ ಹೆಸರುಗಳು’ ಎಂಬ ಖಾನೆ ತೆರೆದು, ಅದನ್ನು ತುಂಬುವ ಅಧಿಕಾರವನ್ನು ಒಡತಿಯ ಫೋನಿಗೇ ಕೊಟ್ಟ. ಖಾನೆಯಲ್ಲಿನ ಹೆಸರುಗಳಿಗೂ ಕೀಲಿ ಆಗುವುದರಿಂದ ಕಡಲೆಕಾಯಿ ಎಂದು ಒಮ್ಮೆ ಬರೆದರೆ ಸಣ್ಣಪುಟ್ಟ ರೂಪಭೇದ ತಾನಾಗಿ ನಡೆಯುತ್ತದೆ. ‘ಕಡ್ಲೆ’ಯಂತೆ ಒತ್ತಕ್ಷರ ಬಂದದ್ದನ್ನು ಮಾತ್ರ ಪ್ರತ್ಯೇಕ ಬರೆಯಬೇಕು.

ಒಂದೇ ಹೆಸರಿಗೆ ಎರಡು ಸರಕು ಬರುವುದು ಇದರ ತಿರುವುಮುರುವು. ಮೆಣಸು ಎಂದರೆ ಮೈಸೂರಿನ ಅಡುಗೆಮನೆಯಲ್ಲಿ ಕಾಳುಮೆಣಸು. ಮಂಗಳೂರು, ಕುಂದಾಪುರದ ಕಡೆ ಅದು ಮೆಣಸಿನಕಾಯಿ, ಕಾಳುಮೆಣಸಿಗೆ ಅಲ್ಲಿ ಒಳ್ಳೆಮೆಣಸು ಎಂಬ ಬೇರೆ ಹೆಸರಿದೆ. ಜೋಳ ಎಂದರೆ ಬಾಗಲಕೋಟೆಯವರಿಗೆ ಬಿಳಿಜೋಳ. ಬೆಂಗಳೂರಿನ ಎಷ್ಟೋ ಮಕ್ಕಳಿಗೆ ಅದು ಬಂಡಿಯ ಮೇಲೆ ಸುಟ್ಟು ಕೊಡುವ ಮುಸುಕಿನ ಜೋಳ. ಒಡತಿ ಅದಕ್ಕೆ ಗೋವಿನಜೋಳ ಎನ್ನುತ್ತಾರೆ. ಇಲ್ಲಿ ಯಂತ್ರ ತೀರ್ಪು ಕೊಡಲು ಹೋಗಬಾರದು. “ಕೌಂಟರ್‌ನ್ಯಾಗ ನಾ ಏನ ಮಾಡ್ತೀನಿ? ಎರಡೂ ತಗದು ಮುಂದ ಇಡ್ತೀನಿ, ಯಾವುದು ಬೇಕ ಅಂತ ಕೇಳ್ತೀನಿ” ಎಂದು ಪತ್ರದಲ್ಲಿದೆ. ಆ್ಯಪ್ ಈಗ ಮೆಣಸು ಎಂದರೆ ಎರಡರ ಚಿತ್ರವನ್ನೂ ಪಕ್ಕಪಕ್ಕ ತೋರಿಸುತ್ತದೆ.

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಒತ್ತುವವರ ವಿಷಯದಲ್ಲಿಯೂ ಇದೇ ಉಪಾಯ. bale ಎಂದು ಬಂದರೆ ಅದು ಬೇಳೆಯೋ ಬಾಳೆಯೋ ಯಾರೂ ಹೇಳಲಾರರು. shenga, senga, shega ಮೂರೂ ಶೇಂಗಾ ಇರಬಹುದು. ಇಲ್ಲಿ ಸ್ವರ ನಂಬುವಂತಿಲ್ಲ. ವ್ಯಂಜನಗಳನ್ನು ಮಾತ್ರ ಹಿಡಿದು ಹೊಂದುವ ಸರಕುಗಳನ್ನೆಲ್ಲ ತೋರಿಸಿ, ಆರಿಸುವುದನ್ನು ಗಿರಾಕಿಗೆ ಬಿಡುವುದು. ಕನ್ನಡ ಲಿಪಿಗೆ ಕೆಲಸಕ್ಕೆ ಬಾರದ ಸೌಂಡೆಕ್ಸ್‌ನ ಸ್ವರ ಕಳಚುವ ಬುದ್ಧಿ ಈ ಜಾಗದಲ್ಲಿ ನೆರವಿಗೆ ಬರುತ್ತದೆ.

ಇಷ್ಟೆಲ್ಲ ಆದ ಮೇಲೂ ಹಾಳೆಯಲ್ಲಿ ಕೆಲವು ಪದ ಉಳಿದವು. ಅವನ್ನು ನೋಡಿ ಒಡತಿಗೂ ಏನೂ ತೋಚಲಿಲ್ಲ. “ಇಲ್ಲಿ ಶೇ೦ಗಾ ಅಂತ ಸರಿಯಾಗೇ ಬರದಾರ. ನಮ್ಮ ಪಟ್ಟ್ಯಾಗೂ ಶೇಂಗಾ ಅಂತೇ ಐತಿ. ಯಾಕ ಸಿಗಲಿಲ್ಲ?” ಇದು ಹುಡುಗನ ಕಡೆಯಿಂದ ಬಿಡಿಸಬೇಕಾದ ಗಂಟು. ಗಿರಾಕಿ ಅನುಸ್ವಾರದ ಬದಲು ಕನ್ನಡದ ಸೊನ್ನೆ ಒತ್ತಿದ್ದರು. ಎರಡೂ ಕಣ್ಣಿಗೆ ಒಂದೇ ಸುತ್ತು, ಯಂತ್ರಕ್ಕೆ ಎರಡು ಬೇರೆ ಚಿಹ್ನೆ. ಕನ್ನಡದಲ್ಲಿ ಟೈಪ್ ಮಾಡುವ ಎಷ್ಟೋ ಜನರ ಬರಹದಲ್ಲಿ ಇದು ಇರುತ್ತದೆ, ಅಂಗಡಿಯ ಸರಕು ಪಟ್ಟಿಯಲ್ಲೂ ಇರಬಹುದು. ಗೊತ್ತುಮಾಡಿಕೊಳ್ಳಬೇಕಾದರೆ ಕಂಪ್ಯೂಟರಿನಲ್ಲಿ ಪಟ್ಟಿಯ ಪುಟ ತೆರೆದು, Ctrl+F ಒತ್ತಿ ಸೊನ್ನೆಯನ್ನು ಹುಡುಕಿದರೆ ಸಾಕು. ಪದದ ನಡುವೆ ಎಲ್ಲಾದರೂ ಬಣ್ಣ ಬಂದರೆ ಅದೇ ಜಾಗ. ಹಾಗೆಂದು ಎಲ್ಲಾ ಸೊನ್ನೆಯನ್ನೂ ಅನುಸ್ವಾರ ಮಾಡಿಬಿಟ್ಟರೆ ‘೫೦೦ ಗ್ರಾಂ’ ಕೆಡುತ್ತದೆ. ಅಕ್ಷರದ ಬೆನ್ನಿಗೆ ಬಂದ ಸೊನ್ನೆಯನ್ನು ಮಾತ್ರ ಬದಲಿಸಬೇಕು, ಅಂಕಿಯ ಬೆನ್ನಿಗೆ ಬಂದದ್ದನ್ನು ಬಿಡಬೇಕು.

ಕಣ್ಣಿಗೆ ಕಾಣಿಸದೇ ಇರುವ ಚಿಹ್ನೆಗಳೂ ಇವೆ. ‘ಕಾರ್ನ್‌ಫ್ಲೋರ್’ ಎಂದು ಬರೆಯುವಾಗ ಫ ಒತ್ತಕ್ಷರವಾಗಿ ಕೆಳಗೆ ಇಳಿಯದಂತೆ ತಡೆಯಲು ನಡುವೆ ಒಂದು ಅಗೋಚರ ಚಿಹ್ನೆ ಹಾಕುತ್ತಾರೆ. ಕೆಲವು ಕೀಲಿಮಣೆಗಳಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ. ಅಂಥವರು ಜಾಗ ಬಿಟ್ಟು ಬರೆಯುತ್ತಾರೆ, ಇಲ್ಲವೇ ಕೂಡಿಸಿ ಬರೆಯುತ್ತಾರೆ. ಓಕಾರದಂಥ ಸ್ವರಗಳನ್ನು ಒಂದೇ ಚಿಹ್ನೆಯಾಗಿಯೂ, ತುಂಡು ತುಂಡಾಗಿಯೂ ಇಡಬಹುದು; ಪರದೆಯ ಮೇಲೆ ಎರಡೂ ಒಂದೇ. ಇವಕ್ಕೆಲ್ಲ ಯೂನಿಕೋಡ್‌ನವರೇ ಗೊತ್ತುಮಾಡಿದ ಏಕರೂಪಗೊಳಿಸುವ ಕ್ರಮವಿದೆ. ಅಗೋಚರ ಚಿಹ್ನೆ ಮತ್ತು ಪದಗಳ ನಡುವಿನ ಜಾಗವನ್ನು ಕೀಲಿ ಮಾಡುವಾಗ ಕಿತ್ತುಹಾಕಿದರಾಯಿತು. ಚಟ್ನಿ ಪುಡಿ, ಚಟ್ನಿಪುಡಿ ಎಂಬ ಭೇದವೂ ಅದರ ಜೊತೆಗೇ ಹೋಗುತ್ತದೆ. ಈ ಕೆಲಸ ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು. ಅಕ್ಷರಗಳೇ ಒಂದು ಮಾಡಿಲ್ಲದ ಮೇಲೆ ಉಳಿದ ನಿಯಮಗಳು ಎಲ್ಲಿಗೆ ಹಚ್ಚಿಕೊಳ್ಳಬೇಕು?

ಎಲ್ಲ ಸರಿಹೋಯಿತು ಎನ್ನುವ ಹೊತ್ತಿಗೆ ಹುಡುಗ ಇನ್ನೊಂದು ಸಲಹೆ ತಂದ. ಕೀಲಿಗೂ ಸಿಗದೆ, ಬೇರೆ ಹೆಸರಿಗೂ ಸಿಗದೆ ಹೋದರೆ ‘ಏನೂ ಸಿಗಲಿಲ್ಲ’ ಎನ್ನುವ ಬದಲು ಹತ್ತಿರದ್ದು ಯಾವುದಾದರೂ ತೋರಿಸಿಬಿಡೋಣ, ಬರಿಗೈಯಲ್ಲಿ ಗಿರಾಕಿಯನ್ನು ಕಳಿಸುವುದು ಬೇಡ ಎಂದ. ದೊಡ್ಡ ಮಳಿಗೆಗಳು ಹಾಗೆ ಮಾಡುತ್ತವೆ. ಒಡತಿ ಬೇಡ ಎಂದರು. ಹಾಳೆಯ ಕೊನೆಯಲ್ಲಿ ಉಳಿದಿದ್ದ ಪದಗಳಲ್ಲಿ ಕಾಗುಣಿತದ ತೊಂದರೆಯೇ ಇಲ್ಲದವು ಇದ್ದವು. ಆ ಸರಕು ಅವರ ಅಂಗಡಿಯಲ್ಲಿ ನಿಜವಾಗಿಯೂ ಇರಲಿಲ್ಲ. ಹುರುಳಿ ಚಟ್ನಿಪುಡಿ ಎಂದು ಮತ್ತೆ ಮತ್ತೆ ಯಾರೋ ಹುಡುಕಿದ್ದರು. ಹುರುಳಿ ಕೇಳಿದವರಿಗೆ ಹುರಿಗಡಲೆ ತೋರಿಸುವ ಆ್ಯಪ್ ಇದ್ದಿದ್ದರೆ ಆ ಪದ ಹಾಳೆಗೆ ಬರುತ್ತಲೇ ಇರಲಿಲ್ಲ. ಸಿಗದ್ದರ ಪಟ್ಟಿ ಇರುವುದರಿಂದಲೇ ಏನು ತರಿಸಬೇಕು, ಏನು ಮಾಡಿಸಬೇಕು ಎಂದು ಆಕೆಗೆ ತಿಳಿಯುವುದು. ಹೀಗಾಗಿ ಆ ಪಟ್ಟಿ ಈಗ ವಾರಕ್ಕೊಮ್ಮೆ ಒಡತಿಯ ಫೋನಿಗೆ ಬರುತ್ತದೆ. ಪದ ಒತ್ತಿದರೆ ಮುಂದೆ ಎರಡೇ ಗುಂಡಿ. ‘ಇದು ನಮ್ಮ ಇಂಥ ಸರಕು’ ಎಂದು ಒತ್ತಿದರೆ ಬೇರೆ ಹೆಸರುಗಳ ಖಾನೆಗೆ ಸೇರುತ್ತದೆ. ‘ಇದು ನಮ್ಮಲ್ಲಿಲ್ಲ’ ಎಂದು ಒತ್ತಿದರೆ ಎಷ್ಟು ಸಲ ಕೇಳಿದ್ದಾರೆ ಎಂಬ ಲೆಕ್ಕ ಶುರುವಾಗುತ್ತದೆ.

ಹುರುಳಿಯ ಲೆಕ್ಕ ನೋಡಿ ಒಡತಿ ಪುಡಿ ಮಾಡಿಸಿದರು. ಪೊಟ್ಟಣದ ಮೇಲೆ ಏನು ಅಚ್ಚು ಹಾಕಿಸುವುದು ಎಂಬ ಪ್ರಶ್ನೆ ಬಂತು. ಹುರುಳಿ ಎಂದು ಹಾಕಿಸಲೋ, ಹುರಳಿ ಎಂದೋ, ಹುಳ್ಳಿ ಎಂದೋ ಎಂದು ಹುಡುಗನಿಗೆ ಫೋನ್ ಮಾಡಿದರು. “ಪೊಟ್ಟಣದ ಮೇಲೆ ನಿಮ್ಗೆ ಬೇಕಾದ್ದು ಒಂದು ಹಾಕ್ಸಿ ಅಕ್ಕ. ಹುರುಳಿ, ಹುರಳಿ ಎರಡನ್ನೂ ಆ್ಯಪ್ ಒಂದೇ ಅನ್ಕೊಳುತ್ತೆ. ಹುಳ್ಳೀನ ಮಾತ್ರ ನೀವೇ ಬರೆದ್ಬಿಡಿ.”